ಪ್ರೂಫ್ ತೆರೆಯದ ಮೇಲ್ ಆಪ್, ತೆರೆದ ಮೇಲ್ ಆಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕೆ-9 ಮೇಲ್ ಎಂಬ ಆಂಡ್ರಾಯ್ಡ್ ಮೇಲ್ ಆಪ್‌ಗೆ. ಫೋನಿನ ಜೊತೆಗೇ ಬಂದಿದ್ದ ಮೇಲ್ ಆಪ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಕುಂಬಳೆಯ ನಮ್ಮ ಬಯಲಾಟದ ಆಮಂತ್ರಣದ ಪ್ರೂಫ್ ಮಂಗಳೂರಿನ ಪ್ರೆಸ್ಸಿನಿಂದ ಬಂದಿತ್ತು. ಒತ್ತಿದರೆ ಟಿಪ್ಪಣಿ ಬರೆಯುವ ಆಪ್ ತೆರೆದುಕೊಂಡಿತು. ಮೊದಲ ಸಾಲಿನಲ್ಲಿ %PDF-1.4, ಅದರ ಕೆಳಗೆ ಇರುವೆ ಸಾಲು ಚದರಿದಂತಹ ಅಕ್ಷರಗಳು. ಕನ್ನಡ ಫಾಂಟ್ ಕೆಟ್ಟಿದೆ ಎಂದುಕೊಂಡು ಎರಡು ಬಾರಿ ಮತ್ತೆ ಕಳುಹಿಸಲು ಹೇಳಿದೆ. "ಮಾಷ್ಟ್ರೇ, ಇಲ್ಲಿ ಸರಿಯಾಗಿಯೇ ಕಾಣುತ್ತಿದೆ" ಎಂದರು. ಅವರದ್ದು ತಪ್ಪಿರಲಿಲ್ಲ. ಮೊದಲ ಸಾಲಿನಲ್ಲಿ %PDF ಕಂಡರೆ ಸಾಮಾನ್ಯವಾಗಿ ಕಡತಕ್ಕೆ ಏನೂ ಆಗಿಲ್ಲ, ತೆರೆದ ಆಪ್ ಬೇರೆ ಎಂದರ್ಥ.

ಕಾರಣ ಆಮೇಲೆ ತಿಳಿಯಿತು. ಪ್ರತಿ ಲಗತ್ತಿನ ಮೇಲೂ ಅದು ಯಾವ ಬಗೆಯದ್ದೆಂಬ ಚೀಟಿ ಇರುತ್ತದೆ. ಪಿಡಿಎಫ್‌ಗೆ application/pdf ಎಂದಿರಬೇಕು. ಪ್ರೆಸ್ಸಿನ ಕಂಪ್ಯೂಟರ್ application/octet-stream, ಅಂದರೆ 'ಏನೋ ಒಂದು ಕಡತ' ಎಂದು ಬರೆದಿತ್ತು. ನನ್ನ ಹಳೆಯ ಆಪ್ ಆ ಚೀಟಿಯನ್ನು ಹಾಗೆಯೇ ಆಂಡ್ರಾಯ್ಡ್‌ಗೆ ದಾಟಿಸಿತು. ಎಂತಹ ಕಡತವನ್ನಾದರೂ ತೆರೆಯುತ್ತೇನೆ ಎನ್ನುವ ಟಿಪ್ಪಣಿ ಆಪ್‌ಗೆ ನಾನು ಎಂದೋ 'ಯಾವಾಗಲೂ' ಎಂದು ಒತ್ತಿದ್ದೆ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ಪುಟಕ್ಕೆ ಹೋಗಿ, 'ಡೀಫಾಲ್ಟ್ ಆಗಿ ತೆರೆಯಿರಿ' ಎಂಬಲ್ಲಿ ಆಯ್ಕೆಯನ್ನು ಅಳಿಸಿದೆ. ಟಿಪ್ಪಣಿ ಆಪ್‌ನ ಕಾಟ ತಪ್ಪಿತು, ಆದರೆ ಪಿಡಿಎಫ್ ಓದುವ ಆಪ್ ಮಾತ್ರ ಪಟ್ಟಿಯಲ್ಲೇ ಬರಲಿಲ್ಲ. ಚೀಟಿ ಬದಲಾಗದೆ ಅದು ಬರುವುದಾದರೂ ಹೇಗೆ?

ಕೆ-9 ಇಲ್ಲಿ ಜಾಣತನ ತೋರಿಸುತ್ತದೆ. ಚೀಟಿಯಲ್ಲಿ ಏನೂ ಸ್ಪಷ್ಟವಿಲ್ಲದಿದ್ದರೆ ಹೆಸರಿನ ಕೊನೆಯ .pdf ನೋಡಿ ಬಗೆಯನ್ನು ಊಹಿಸುತ್ತದೆ. ಅದೇ ಮೇಲ್, ಅದೇ ಪ್ರೂಫ್, ಮೊದಲ ಒತ್ತಿಗೇ ತೆರೆಯಿತು. ಭಾಗವತರ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದೂ ಆಗಲೇ ಕಂಡಿತು.

ಉಳಿಸುವುದರಲ್ಲಿಯೂ ಹಳೆಯದರದ್ದು ಕಳ್ಳಾಟ. 'ಉಳಿಸಲಾಗಿದೆ' ಎನ್ನುತ್ತಿತ್ತು, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಹುಡುಕಿದರೆ ಏನೂ ಇಲ್ಲ. ಅದು Android/data ಒಳಗಿನ ತನ್ನದೇ ಕೋಣೆಯಲ್ಲಿ ಇಡುತ್ತಿತ್ತು. ಆಂಡ್ರಾಯ್ಡ್ 11ರಿಂದ ಬೇರೆ ಆಪ್‌ಗಳಿಗೆ ಆ ಕೋಣೆಗೆ ಪ್ರವೇಶವಿಲ್ಲ, ಆಪ್ ತೆಗೆದರೆ ಕೋಣೆಯೂ ಹೋಗುತ್ತದೆ. ಆದ್ದರಿಂದ ಹಳೆಯದನ್ನು ಅಳಿಸುವ ಮುನ್ನ ಬೇಕಾದ ಲಗತ್ತುಗಳನ್ನು ಹೊಸದರಲ್ಲಿ ಮತ್ತೆ ಇಳಿಸಿಕೊಂಡೆ. ಕೆ-9 ಪ್ರತಿ ಸಲವೂ ಎಲ್ಲಿಡಲಿ ಎಂದು ಕೇಳುತ್ತದೆ. 'ಆಟ' ಎಂಬ ಫೋಲ್ಡರ್ ತೋರಿಸುತ್ತೇನೆ, ಅಲ್ಲಿಯೇ ಸಿಗುತ್ತದೆ.

ಬ್ರೌಸರಿನಲ್ಲಿ ಮೇಲ್ ತೆರೆದು ನೋಡಿದ್ದೂ ಉಂಟು. ಕಡತ ಸರಿಯಾಗಿ ಡೌನ್‌ಲೋಡ್ ಫೋಲ್ಡರ್‌ಗೇ ಬಂತು. ಆದರೆ ಪಾಸ್‌ವರ್ಡ್ ಹಾಕುತ್ತ ಕೂರುವ ತಾಳ್ಮೆ ನನಗಿಲ್ಲ.

ಕೆ-9ಕ್ಕೆ ದುಡ್ಡಿಲ್ಲ, ಜಾಹೀರಾತೂ ಇಲ್ಲ. ನನ್ನ ಫೋನಿನಲ್ಲಿ ಹೊಸ ಮೇಲ್‌ನ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಕಚೇರಿ ಕೆಲಸದವರಿಗೆ ಇದು ಕಿರಿಕಿರಿಯಾದೀತು. ನಿವೃತ್ತಿಯ ನಂತರ ನಾನು ಮೇಲ್ ನೋಡುವುದು ಬೆಳಗಿನ ಕಾಫಿಯ ಜೊತೆ ಒಮ್ಮೆ, ಸಂಜೆ ಒಮ್ಮೆ.