ಸಿ-ಆರ್ಮ್ ಕೊಠಡಿಗೆ ಯಾವ ಲೆಡ್ ಏಪ್ರನ್: ಒಂದೇ ತುಂಡಿನದೋ, ವೆಸ್ಟ್–ಸ್ಕರ್ಟೋ?

ಸಿ-ಆರ್ಮ್ ಎಂದರೆ ಶಸ್ತ್ರಚಿಕಿತ್ಸೆಯ ವೇಳೆ ಎಕ್ಸ್-ರೇ ಚಿತ್ರವನ್ನು ಆಗಲೇ ಪರದೆಯ ಮೇಲೆ ತೋರಿಸುವ ಯಂತ್ರ. ಅಲ್ಲಿ ಸಿಬ್ಬಂದಿಗೆ ತಗಲುವ ವಿಕಿರಣದಲ್ಲಿ ಬಹುಪಾಲು ರೋಗಿಯ ದೇಹದಿಂದ ಚದುರಿ ಬರುವಂಥದ್ದು. ಆದ್ದರಿಂದ ನೀವು ರೋಗಿಯ ಕಡೆಗೆ ಮುಖ ಮಾಡಿ ನಿಲ್ಲುತ್ತೀರೋ, ಬೆನ್ನು ತಿರುಗಿಸುತ್ತೀರೋ ಎಂಬುದನ್ನು ಮೊದಲು ಗಮನಿಸಿ.

0.5 ಮಿ.ಮೀ. ಸೀಸಕ್ಕೆ ಸಮನಾದ ಒಂದೇ ತುಂಡಿನ ಏಪ್ರನ್ ಅಗ್ಗ, ಬೇಗ ತೊಡಬಹುದು. ಆದರೆ ಭಾರವೆಲ್ಲ ಹೆಗಲಿಗೆ, ಬೆನ್ನು ಬಯಲು. ಕನ್ಸೋಲ್ ಬಳಿ ನಿಂತು ಚಿತ್ರ ತೆಗೆಯುವ ಟೆಕ್ನಿಶಿಯನ್‌ಗೆ ಇದೇ ಸಾಕು. ರೋಗಿಯಿಂದ 1 ಮೀಟರ್ ಬದಲು 2 ಮೀಟರ್ ದೂರ ನಿಂತರೆ ಡೋಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಟೇಬಲ್ ಪಕ್ಕದಲ್ಲೇ ನಿಂತು, ಉಪಕರಣಕ್ಕಾಗಿ ಟ್ರಾಲಿಯತ್ತ ತಿರುಗುವ ಸ್ಕ್ರಬ್ ನರ್ಸ್‌ಗೆ ವೆಸ್ಟ್–ಸ್ಕರ್ಟ್ ಒಳ್ಳೆಯದು. ಅರ್ಧ ಭಾರ ಸೊಂಟಕ್ಕೆ ಹೋಗುತ್ತದೆ, ಬೆನ್ನಿಗೂ ರಕ್ಷಣೆ. ಸಾಮಾನ್ಯವಾಗಿ ಇದರ ಹಾಳೆ 0.25 ಮಿ.ಮೀ.; ಮುಂದೆ ಎರಡು ಪದರ ಒಂದರ ಮೇಲೊಂದು ಬಂದರೆ ಮಾತ್ರ 0.5. ಅಳತೆ ಚಿಕ್ಕದಾಗಿ ಪದರಗಳು ಸೇರದಿದ್ದರೆ ದುಡ್ಡು ಕೊಟ್ಟೂ ಅರ್ಧ ದಪ್ಪವೇ ಸಿಕ್ಕಂತೆ. ತೊಟ್ಟು ನೋಡದೆ ಕೊಳ್ಳಲೇಬೇಡಿ.

ಎರಡನ್ನೂ ಮಡಚಿಡಬಾರದು, ಹ್ಯಾಂಗರ್‌ಗೆ ನೇತುಹಾಕಿ. ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುವುದರಿಂದ ಎಕ್ಸ್-ರೇ ಅಥವಾ ಫ್ಲೋರೋಸ್ಕೋಪಿಯಲ್ಲಿ ಪರೀಕ್ಷಿಸಿದರಷ್ಟೇ ಗೊತ್ತಾಗುತ್ತದೆ.

ಯಾವ ಏಪ್ರನ್ ಕೊಂಡರೂ ಕಣ್ಣು, ಕೈ ಹೊರಗೇ. ಅವಕ್ಕೆ ಎಕ್ಸ್-ರೇ ಹೊರಡಿಸುವ ಪೆಡಲ್ ಒತ್ತುವ ಸಮಯ ಕಡಿಮೆ ಮಾಡುವುದೂ ಬೇಕು: ಕೊನೆಯ ಚಿತ್ರ ಪರದೆಯ ಮೇಲೆ ನಿಂತಿರುವಾಗ ಮತ್ತೆ ಒತ್ತಬೇಡಿ.

ನಿಮಗೆ ತಗಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ ಒಳಗೆ, ಎದೆಯ ಮೇಲಿರಲಿ. ಏಪ್ರನ್‌ಗೆ ಸಿಕ್ಕಿಸಿ ಕೊಠಡಿಯಲ್ಲೇ ಬಿಟ್ಟರೆ ಅದು ಅಳೆಯುವುದು ಗೋಡೆಗೆ ಬಿದ್ದ ವಿಕಿರಣವನ್ನು, ನಿಮ್ಮದನ್ನಲ್ಲ.