ಸಿದ್ಧ ಕೀವರ್ಡ್ ಹಾಳೆಯ ದೀರ್ಘ ಬಳಕೆ: ಮೊದಲ ಪುಟದ ಗುಂಪು ನಂಬಬೇಡಿ, ಎರಡನೆಯ ಪುಟ ಬಿಡಬೇಡಿ

ವಿಡಿಯೊ ಮಾಡುವವರಿಗೆಂದೇ ಸಿದ್ಧಪಡಿಸಿ ಮಾರುವ ಒಂದು ಕೀವರ್ಡ್ ಸ್ಪ್ರೆಡ್‌ಶೀಟನ್ನು ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಜನರು ಹುಡುಕುವ ಪದಗುಚ್ಛಗಳನ್ನು ಅದರ ಮೊದಲ ಪುಟದಲ್ಲಿ ಅಂಟಿಸಿದರೆ ಅದು ತಾನಾಗಿ ಗುಂಪು ಕಟ್ಟುತ್ತದೆ. ಎರಡನೆಯ ಪುಟದಲ್ಲಿ ಒಂದೊಂದು ಗುಂಪಿಗೆ ಒಂದೊಂದು ವಿಡಿಯೊವನ್ನು ನಿಗದಿ ಮಾಡಿಕೊಳ್ಳಬಹುದು. ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಚಂದಾ ಇಲ್ಲ ಎಂಬ ಕಾರಣಕ್ಕೆ ಇದನ್ನು ಕೊಂಡೆ. ಚಂದಾ ಕಟ್ಟಿ ಕೀವರ್ಡ್ ಸಾಧನಗಳನ್ನು ಇಟ್ಟುಕೊಳ್ಳುವಷ್ಟು ಆದಾಯ ನನ್ನ ಚಾನೆಲ್ಲಿಗಿಲ್ಲ. ಸೈಕಲ್ ದುರಸ್ತಿಯನ್ನು ಕನ್ನಡದಲ್ಲಿ ಕಲಿಸುವ ಸಣ್ಣ ಚಾನೆಲ್ ಅದು.

ಬೇಸರದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಈ ಹಾಳೆಯನ್ನು ಮಾರುವುದೇ ತಾನಾಗಿ ಗುಂಪು ಕಟ್ಟುವ ಗುಣದ ಹೆಸರಿನಲ್ಲಿ. ಅದು ಗುಂಪು ಕಟ್ಟುವುದು ಪದಗುಚ್ಛಗಳಲ್ಲಿ ಸಮಾನವಾಗಿರುವ ಪದಗಳನ್ನು ಎಣಿಸಿ. ಕನ್ನಡದಲ್ಲಿ ಈ ಲೆಕ್ಕ ಎರಡು ಕಡೆಯಿಂದಲೂ ಸೋಲುತ್ತದೆ. ಚೈನ್, ಚೈನನ್ನು, ಚೈನಿಗೆ ಎಂಬ ಮೂರೂ ಅದರ ಕಣ್ಣಿಗೆ ಮೂರು ಬೇರೆ ಪದಗಳು. ಆದ್ದರಿಂದ ಒಂದೇ ಪ್ರಶ್ನೆಯನ್ನು ಬೇರೆ ವಿಭಕ್ತಿಯಲ್ಲಿ ಕೇಳಿದವರು ಬೇರೆ ಗುಂಪುಗಳಿಗೆ ಹೋಗಿ ಬೀಳುತ್ತಾರೆ. ಇನ್ನೊಂದೆಡೆ, ಪದಗಳು ಹೊಂದಿಕೊಂಡಿವೆ ಎಂಬ ಒಂದೇ ಕಾರಣಕ್ಕೆ ಪರಸ್ಪರ ಸಂಬಂಧವೇ ಇಲ್ಲದ ಪ್ರಶ್ನೆಗಳು ಒಟ್ಟಿಗೆ ಬಂದು ಕೂರುತ್ತವೆ.

ನನ್ನ ಹಾಳೆಯಲ್ಲಿದ್ದ ನಾಲ್ಕು ಸಾಲುಗಳನ್ನೇ ನೋಡಿ: "ಸೈಕಲ್ ಚೈನ್ ಬೀಳುತ್ತದೆ", "ಸೈಕಲ್ ಚೈನ್ ಜಾರುತ್ತದೆ", "ಗೇರ್ ಸೆಟ್ಟಿಂಗ್ ಮಾಡುವುದು ಹೇಗೆ", "ಚೈನ್ ಯಾವಾಗ ಬದಲಿಸಬೇಕು". ಮೊದಲ ಎರಡರಲ್ಲಿ ಎರಡೆರಡು ಪದಗಳು ಸಮಾನವಾಗಿರುವುದರಿಂದ ಹಾಳೆ ಅವನ್ನು ಒಂದು ಗುಂಪಿಗೆ ಸೇರಿಸಿತು, ಉಳಿದೆರಡನ್ನು ಬೇರೆ ಬೇರೆ ಇಟ್ಟಿತು. ಸೈಕಲ್ ಬಿಚ್ಚಿ ನೋಡಿದವರಿಗೆ ಇದು ತಲೆಕೆಳಗು ಎಂದು ಕೂಡಲೇ ಗೊತ್ತಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಹಿಂಭಾಗದ ಚೈನು ದೊಡ್ಡ ಹಲ್ಲುಚಕ್ರವನ್ನು ದಾಟಿ ಕಡ್ಡಿಗಳ ಕಡೆಗೆ ಬೀಳುತ್ತಿದ್ದರೆ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರಿನ ಎಲ್ ಗುರುತಿನ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಬೇಕು. ಸಣ್ಣ ಚಕ್ರವನ್ನು ದಾಟಿ ಚೌಕಟ್ಟಿನ ಕಡೆಗೆ ಬೀಳುತ್ತಿದ್ದರೆ ಎಚ್ ಗುರುತಿನ ಸ್ಕ್ರೂ ನೋಡಬೇಕು. ಅದು ಗೇರ್ ಸೆಟ್ಟಿಂಗಿನದೇ ಕೆಲಸ, ಹಾಗಾಗಿ ಒಂದನೆಯ ಮತ್ತು ಮೂರನೆಯ ಸಾಲುಗಳಿಗೆ ಒಂದೇ ವಿಡಿಯೊ ಸಾಕು. ಪೆಡಲನ್ನು ಬಲವಾಗಿ ತುಳಿದಾಗ ಚೈನು ಹಲ್ಲಿನ ಮೇಲೆ ಹಾರಿ ಜಾರುವುದು ಹೆಚ್ಚಾಗಿ ಸವೆತದಿಂದ. ಹೊಸ ಚೈನಿನ ಹನ್ನೆರಡು ಪೂರ್ಣ ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಅದೇ ಉದ್ದ 1/16 ಇಂಚಿನಷ್ಟು ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಅಳತೆಪಟ್ಟಿ ಹಿಡಿದು ಇದನ್ನು ತೋರಿಸುವ ಒಂದು ವಿಡಿಯೊ ಎರಡನೆಯ ಮತ್ತು ನಾಲ್ಕನೆಯ ಸಾಲುಗಳೆರಡಕ್ಕೂ ಉತ್ತರವಾಗುತ್ತದೆ.

ಹಾಳೆಯ ಮಾತಿನಂತೆ "ಬೀಳುತ್ತದೆ, ಜಾರುತ್ತದೆ" ಎರಡನ್ನೂ ಒಂದೇ ವಿಡಿಯೊದಲ್ಲಿ ತುಂಬಿದ್ದರೆ, ಜಾರುವ ಚೈನಿನವರು ಸ್ಕ್ರೂ ತಿರುಗಿಸುವ ಭಾಗವನ್ನು ನೋಡಿ ಅರ್ಧದಲ್ಲೇ ಎದ್ದುಹೋಗುತ್ತಿದ್ದರು. ಮೂರನೆಯ ಸಾಲಿಗೆ ಪ್ರತ್ಯೇಕ ವಿಡಿಯೊ ಮಾಡಿದ್ದರೆ ನನ್ನವೇ ಎರಡು ವಿಡಿಯೊಗಳು ಒಂದೇ ಹುಡುಕಾಟದಲ್ಲಿ ಪರಸ್ಪರ ಪೈಪೋಟಿ ಮಾಡುತ್ತಿದ್ದವು. ಒಂದು ಗುಂಪಿಗೆ ಒಂದೇ ವಿಡಿಯೊ ಎಂಬ ನಿಯಮ ಇರುವುದೇ ಈ ಎರಡನ್ನೂ ತಪ್ಪಿಸಲು. ಗುಂಪೇ ತಪ್ಪಾಗಿದ್ದರೆ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೂ ಪ್ರಯೋಜನವಿಲ್ಲ.

ಆದ್ದರಿಂದ ಆ ಸ್ವಯಂಚಾಲಿತ ಕಾಲಮ್ಮನ್ನು ಅಳಿಸಿ, ಗುಂಪು ಕಟ್ಟುವ ಕೆಲಸವನ್ನು ಕೈಗೆ ತೆಗೆದುಕೊಂಡಿದ್ದೇನೆ. ಖಾತೆಗೆ ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ ಯೂಟ್ಯೂಬ್ ತೆರೆಯುತ್ತೇನೆ, ಏಕೆಂದರೆ ನನ್ನ ಖಾತೆಯಲ್ಲಿ ಹುಡುಕಿದರೆ ನಾನು ಈ ಹಿಂದೆ ನೋಡಿದ್ದೆಲ್ಲ ಫಲಿತಾಂಶದಲ್ಲಿ ಬೆರೆತುಬಿಡುತ್ತದೆ. ಎರಡು ಪದಗುಚ್ಛಗಳನ್ನು ಒಂದಾದ ಮೇಲೊಂದು ಹುಡುಕಿ, ಜಾಹೀರಾತು ಮತ್ತು ಶಾರ್ಟ್ಸ್ ಬಿಟ್ಟು, ಮೊದಲ ಹತ್ತು ವಿಡಿಯೊಗಳಲ್ಲಿ ಎಷ್ಟು ಎರಡೂ ಕಡೆ ಬಂದಿವೆ ಎಂದು ಎಣಿಸುತ್ತೇನೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಸಮಾನವಾಗಿದ್ದರೆ ನನಗೆ ಅದು ಒಂದೇ ಗುಂಪು. ಒಂದೋ ಎರಡೋ ಇದ್ದರೆ ಬೇರೆ ಗುಂಪು. ಮಧ್ಯದಲ್ಲಿ ನಿಂತಾಗ ಎರಡು ಪ್ರಶ್ನೆಗಳಿಗೂ ಅದೇ ಉಪಕರಣ, ಅದೇ ಹಂತಗಳು ಬೇಕೇ ಎಂದು ನೋಡಿ ತೀರ್ಮಾನಿಸುತ್ತೇನೆ. ಈ ಗಡಿಗಳು ನನ್ನ ಅನುಭವದಲ್ಲಿ ನೆಲೆನಿಂತವು, ಯಾರೂ ವಿಧಿಸಿದ ನಿಯಮವಲ್ಲ.

ಇದಕ್ಕೂ ಒಂದು ಮಿತಿಯಿದೆ, ಕನ್ನಡದಲ್ಲಿ ಹುಡುಕುವವರು ಅದನ್ನು ತಿಳಿದಿರಲೇಬೇಕು. ಒಂದು ವಿಷಯದ ಮೇಲೆ ಕನ್ನಡ ವಿಡಿಯೊಗಳು ಬೆರಳೆಣಿಕೆಯಷ್ಟೇ ಇದ್ದರೆ, ಏನು ಹುಡುಕಿದರೂ ಅವೇ ಬರುತ್ತವೆ. ಆಗ ಹತ್ತರಲ್ಲಿ ಏಳು ಸಮಾನವಾಗಿ ಕಂಡರೂ ಅದು ಪ್ರಶ್ನೆಗಳ ಸಾಮ್ಯವಲ್ಲ, ಉತ್ತರಗಳ ಬರ. ಇದನ್ನು ಗುರುತಿಸುವುದು ಕಷ್ಟವಲ್ಲ. ಸಮಾನವಾಗಿ ಬಂದ ವಿಡಿಯೊಗಳ ಶೀರ್ಷಿಕೆಗಳಲ್ಲಿ ಕೇಳಿದ ತೊಂದರೆಯ ಪ್ರಸ್ತಾಪವೇ ಇರುವುದಿಲ್ಲ, "ಸೈಕಲ್ ಸರ್ವೀಸ್" ಎಂಬಂಥ ಸಾಮಾನ್ಯ ಹೆಸರುಗಳಷ್ಟೇ ಇರುತ್ತವೆ, ಕೆಳಗಿಳಿದಂತೆ ಬೇರೆ ಭಾಷೆಯ ವಿಡಿಯೊಗಳು ಶುರುವಾಗುತ್ತವೆ. ಅಂಥ ಕಡೆ ನಾನು ಎಣಿಕೆಯನ್ನು ಪಕ್ಕಕ್ಕಿಟ್ಟು ದುರಸ್ತಿಯ ತಿಳಿವಳಿಕೆಯನ್ನೇ ನಂಬುತ್ತೇನೆ.

ಹುಡುಕಾಟದ ಪ್ರಮಾಣವನ್ನು ಬರೆಯಲು ಹಾಳೆಯಲ್ಲಿರುವ ಕಾಲಮ್ ಕೂಡ ನನಗೆ ಉಪಯೋಗಕ್ಕೆ ಬರಲಿಲ್ಲ. ಯಾವ ಪದವನ್ನು ಎಷ್ಟು ಮಂದಿ ಹುಡುಕುತ್ತಾರೆಂಬ ಸಂಖ್ಯೆಯನ್ನು ಯೂಟ್ಯೂಬ್ ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದಿಲ್ಲ, ಹೊರಗಿನ ಸಾಧನಗಳು ಕೊಡುವುದು ಅಂದಾಜು. ಉದ್ದದ ಕನ್ನಡ ಪದಗುಚ್ಛಗಳಿಗೆ ನಾನು ಉಚಿತವಾಗಿ ನೋಡಬಲ್ಲ ಸಾಧನಗಳಲ್ಲಿ ಹೆಚ್ಚಾಗಿ ಸೊನ್ನೆಯೇ ಕಾಣುತ್ತದೆ. ಹುಡುಕುವ ಪೆಟ್ಟಿಗೆ ತಾನಾಗಿ ಸೂಚಿಸುವ ಪದಗುಚ್ಛವಾದರೆ ಅದನ್ನು ಕೇಳುವವರಿದ್ದಾರೆ ಎಂದು ತಿಳಿದು ಹಾಳೆಗೆ ಸೇರಿಸುತ್ತೇನೆ.

ಅಂಟಿಸುವ ಮೊದಲು ಮಾಡಬೇಕಾದ ಒಂದು ಸಣ್ಣ ಶುದ್ಧೀಕರಣವನ್ನು ಈ ಹಾಳೆ ಮಾಡಿಕೊಡುವುದಿಲ್ಲ. "ಚೈನ್‌ಗೆ ಆಯಿಲ್" ಎಂದು ಬರೆಯುವಾಗ ಕೆಲವು ಕೀಲಿಮಣೆಗಳು ಒತ್ತಕ್ಷರ ಮೂಡದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತವೆ. ಬೇರೆ ಬೇರೆ ಕಡೆಯಿಂದ ನಕಲಿಸಿ ತಂದ ಸಾಲುಗಳ ಹಿಂದೆಮುಂದೆಯೂ ಇಂಥವು ಅಂಟಿಕೊಂಡು ಬರುತ್ತವೆ. ನೋಡಲು ಒಂದೇ ಆಗಿರುವ ಎರಡು ಸಾಲುಗಳಿಗೆ ಅಕ್ಷರ ಎಣಿಸುವ LEN ಸೂತ್ರ ಬೇರೆ ಬೇರೆ ಸಂಖ್ಯೆ ತೋರಿಸಿದರೆ ಕಾರಣ ಹೆಚ್ಚಾಗಿ ಇದೇ. ಪಕ್ಕದ ಕಾಲಮ್ಮಿನಲ್ಲಿ ಈ ಸೂತ್ರ ಹಾಕಿ, ಬಂದ ಪಠ್ಯವನ್ನು ಹೋಲಿಕೆಗೆ ಮಾತ್ರ ಬಳಸಿದರೆ ಈ ಸುಳ್ಳು ವ್ಯತ್ಯಾಸಗಳು ಹೋಗುತ್ತವೆ:

```
=TRIM(SUBSTITUTE(SUBSTITUTE(A2,UNICHAR(8204),""),UNICHAR(8205),""))
```

ಇಷ್ಟೆಲ್ಲ ದೂರಿದ ಮೇಲೂ ನಾನು ಈ ಹಾಳೆಯನ್ನು ಬಿಟ್ಟಿಲ್ಲ. ಕಾರಣ ಅದರ ಎರಡನೆಯ ಪುಟ. ಮೊದಲ ಪುಟದಲ್ಲಿ ಪದಗುಚ್ಛಕ್ಕೊಂದು ಸಾಲಾದರೆ ಇಲ್ಲಿ ಗುಂಪಿಗೊಂದು ಸಾಲು: ಗುಂಪಿನ ಸಂಖ್ಯೆ, ವಿಡಿಯೊ ಏನನ್ನು ಬಗೆಹರಿಸುತ್ತದೆ ಎಂಬ ಒಂದು ವಾಕ್ಯ, ವಿಡಿಯೊ ಸಂಖ್ಯೆ, ಕೆಲಸ ಎಲ್ಲಿಗೆ ಬಂತು ಎಂಬ ಟಿಪ್ಪಣಿ. ಮೊದಲ ಪುಟದಲ್ಲಿ ವಿಡಿಯೊ ಸಂಖ್ಯೆಯನ್ನು ಕೈಯಾರೆ ಬರೆಯುವಂತೆಯೇ ಇಲ್ಲ, D ಕಾಲಮ್ಮಿನ ಗುಂಪಿನ ಸಂಖ್ಯೆಯನ್ನು ಹಿಡಿದು ಅದು 'ಗುಂಪುಗಳು' ಎಂಬ ಈ ಎರಡನೆಯ ಪುಟದಿಂದ ಬರುತ್ತದೆ:

```
=VLOOKUP(D2,'ಗುಂಪುಗಳು'!A:C,3,FALSE)
```

ಗುಂಪಿಗೆ ಒಂದೇ ಸಾಲು ಇರುವುದರಿಂದ ಒಂದು ಗುಂಪಿಗೆ ಎರಡು ವಿಡಿಯೊ ಬರೆಯಲು ಜಾಗವೇ ಇರುವುದಿಲ್ಲ. ಎರಡು ಗುಂಪುಗಳಿಗೆ ಒಂದೇ ವಿಡಿಯೊ ಬಿದ್ದರೆ `=COUNTIF($C:$C,$C2)>1` ಎಂಬ ಪರೀಕ್ಷೆ ಆ ಸಾಲುಗಳನ್ನು ಕೆಂಪಾಗಿಸುತ್ತದೆ. ಕೆಂಪು ಕಂಡಾಗ ನಾನು ಮಾಡುವುದು ಎರಡರಲ್ಲಿ ಒಂದನ್ನು: ಆ ಗುಂಪುಗಳು ನಿಜಕ್ಕೂ ಒಂದೇ ಆಗಿದ್ದರೆ ಕೂಡಿಸುತ್ತೇನೆ, ಅಲ್ಲವಾದರೆ ಇನ್ನೊಂದು ವಿಡಿಯೊ ಯೋಜಿಸುತ್ತೇನೆ.

ನನಗೆ ಅತಿ ಪ್ರಿಯವಾದದ್ದು ಆ ಒಂದು ವಾಕ್ಯದ ಕಾಲಮ್. "ಚೈನ್ ಸವೆದಿದೆಯೇ ಎಂದು ಅಳತೆಪಟ್ಟಿಯಿಂದ ತಿಳಿದು, ಬದಲಿಸಬೇಕೋ ಬೇಡವೋ ಎಂದು ನಿರ್ಧರಿಸುವುದು" ಎಂದು ಬರೆದ ಮೇಲೆ ಗುಂಪಿನ ಪ್ರತಿ ಪದಗುಚ್ಛವನ್ನೂ ಅದರ ಎದುರು ಓದುತ್ತೇನೆ. ಇದನ್ನು ಹುಡುಕಿದ ವ್ಯಕ್ತಿ ಈ ವಾಕ್ಯ ಕೇಳಿ "ಹೌದು, ನನಗೆ ಬೇಕಾದದ್ದು ಇದೇ" ಎನ್ನಬೇಕು. "ಚೈನ್ ಬದಲಿಸುವುದು ಹೇಗೆ" ಎಂಬ ಸಾಲು ಈ ಗುಂಪಿನಿಂದ ಹೊರಬಿದ್ದದ್ದು ಹೀಗೆಯೇ. ಅವರಿಗೆ ಬದಲಿಸಬೇಕೆಂದು ಆಗಲೇ ಗೊತ್ತು, ಕೊಂಡಿ ಬಿಚ್ಚುವ ಉಪಕರಣ ಹಿಡಿಯುವುದನ್ನು ತೋರಿಸಬೇಕು. ಅದಕ್ಕೆ ಬೇರೆ ಸಾಲು, ಬೇರೆ ವಿಡಿಯೊ.

ವಾರಕ್ಕೊಮ್ಮೆ ಈ ಪುಟದೊಂದಿಗೆ ಕೂರುವುದು ಈಗ ನನ್ನ ರೂಢಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರಕಟವಾದ ವಿಡಿಯೊವನ್ನು ತೆರೆದರೆ, ಹುಡುಕಾಟದಿಂದ ಬಂದವರು ಯಾವ ಪದಗಳನ್ನು ಬರೆದು ಬಂದರು, ಪ್ರತಿ ಪದಕ್ಕೂ ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬುದು ಸಿಗುತ್ತದೆ. ನಾನು ಊಹಿಸದ ಪದಗುಚ್ಛಗಳು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವೂ ಸೇರಿ, ಅಲ್ಲಿಂದಲೇ ಹಾಳೆಗೆ ಬರುತ್ತವೆ. ಒಂದು ಪದದಿಂದ ಬಂದವರು ಉಳಿದವರಿಗಿಂತ ಬಹಳ ಬೇಗ ಬಿಟ್ಟುಹೋಗುತ್ತಿದ್ದರೆ ಅದು ಆ ಗುಂಪಿನದಲ್ಲ ಎಂಬ ಸಂಶಯ ಬರಬೇಕು. ಆದರೆ ಬೆರಳೆಣಿಕೆಯ ವೀಕ್ಷಣೆಗಳ ಮೇಲೆ ನಾನು ಗುಂಪು ಒಡೆಯುವುದಿಲ್ಲ, ಅದೇ ಒಲವು ಹಲವು ವಾರ ಮುಂದುವರಿದರೆ ಮಾತ್ರ ಒಡೆಯುತ್ತೇನೆ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಸ್ವಯಂಚಾಲಿತ ಗುಂಪಿಗಾಗಿ ಕೊಳ್ಳುವುದಾದರೆ ಬೇಡ. ಎರಡನೆಯ ಪುಟದ ಕಟ್ಟುನಿಟ್ಟಿಗಾಗಿ ಆದರೆ ಕೊಟ್ಟ ಹಣಕ್ಕೆ ನಷ್ಟವಿಲ್ಲ. VLOOKUP ಬರೆಯಲು ಬರುವವರು ಅದನ್ನು ತಾವೇ ಒಂದು ಸಂಜೆಯಲ್ಲಿ ಕಟ್ಟಿಕೊಳ್ಳಬಹುದು.

ಒಂದು ಕೊರತೆ ಮಾತ್ರ ಇನ್ನೂ ಉಳಿದಿದೆ. ಒಂದೇ ಪದಗುಚ್ಛವಿರುವ ಗುಂಪನ್ನೂ ಈ ಹಾಳೆ "ವಿಡಿಯೊ ಬಾಕಿ" ಎಂದೇ ತೋರಿಸುತ್ತದೆ. ಅಂಥದ್ದಕ್ಕೆ ನಾನು ಕ್ಯಾಮೆರಾ ತೆಗೆಯುವುದಿಲ್ಲ. ಟಿಪ್ಪಣಿ ಕಾಲಮ್ಮಿನಲ್ಲಿ "ಕಾಯುತ್ತಿದೆ" ಎಂದು ಬರೆದಿಡುತ್ತೇನೆ. ಎರಡನೆಯ ಪದಗುಚ್ಛ ಬಂದು ಜೊತೆಯಾದರೆ ವಿಡಿಯೊ, ಬಾರದಿದ್ದರೆ ಹತ್ತಿರದ ವಿಡಿಯೊದಲ್ಲಿ ಅದಕ್ಕೊಂದು ಅಧ್ಯಾಯ.