ಎರಡು ವರ್ಷ ಕೋಕೋಪೀಟ್ ಮಣ್ಣು ಕಲಸಿದ ಮೇಲೆ: ತೊಳೆಯದೆ ಮಾತ್ರ ಹಾಕಬೇಡಿ

ಮೈಸೂರಿನ ಕುವೆಂಪುನಗರದ ನಮ್ಮ ಬಾಲ್ಕನಿಯಲ್ಲಿ ಹದಿನೆಂಟು ಕುಂಡಗಳಿವೆ. ಎರಡು ವರ್ಷದಿಂದ ಎಲ್ಲಕ್ಕೂ ಕೋಕೋಪೀಟ್ ಅನ್ನುವ ತೆಂಗಿನ ಸಿಪ್ಪೆಯ ಪುಡಿ, ಎರೆಗೊಬ್ಬರ, ಮರಳು ಕಲಸಿದ ಮಣ್ಣೇ. ಈಗ ಖುಷಿಯಿದೆ. ಆದರೆ ಮೊದಲ ನಾಲ್ಕು ತಿಂಗಳು ಆ ಪುಡಿಯನ್ನು ಒತ್ತಿ ಮಾಡಿದ 650 ಗ್ರಾಂ ಇಟ್ಟಿಗೆಯನ್ನು ಬೈದಷ್ಟು ನಾನು ಇನ್ನೇನನ್ನೂ ಬೈದಿಲ್ಲ.

ಪೊಟ್ಟಣದ ಮೇಲೆ ನೆನೆಸಿ ಬಳಸಿ ಅಂತಷ್ಟೇ ಇತ್ತು. ಹಾಗೇ ಮಾಡಿದೆ. ಮೆಂತ್ಯ ಎರಡು ಇಂಚಿಗೇ ನಿಂತುಬಿಟ್ಟಿತು, ತುಳಸಿ ಎಲೆಯ ತುದಿ ಸುಟ್ಟ ಹಾಗೆ ಕಂದಾಯಿತು. ನೀರು ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿದರೆ ಇನ್ನೂ ಹದಗೆಟ್ಟಿತು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಬೇರೆ. ಬೋರ್ ನೀರು ಹಾಕಿದರೂ ಹೀಗಾಗುತ್ತದೆ, ಆದರೆ ನಮ್ಮದು ಕಾವೇರಿ ನೀರು. ಕಾಟ ಕೊಟ್ಟಿದ್ದು ತೆಂಗಿನ ನಾರಿನಲ್ಲಿದ್ದ ಉಪ್ಪು. ಸಿಪ್ಪೆಯಲ್ಲೇ ಒಂದಿಷ್ಟು ಇರುತ್ತದೆ, ಅದನ್ನು ಉಪ್ಪುನೀರಲ್ಲಿ ಕೊಳೆಹಾಕಿದ್ದರಂತೂ ಕೇಳಬೇಡಿ. ನೀರು ಕಡಿಮೆಯಾದಷ್ಟೂ ಬೇರಿನ ಹತ್ತಿರ ಉಪ್ಪು ಗಟ್ಟಿಯಾಗುತ್ತದೆ.

ಈಗ ಭಾನುವಾರ ಬೆಳಿಗ್ಗೆ ಇದೇ ಕೆಲಸ. ಇಟ್ಟಿಗೆಯನ್ನು ಬಕೆಟ್ಟಿಗೆ ಹಾಕಿ ನಾಲ್ಕೈದು ಲೀಟರ್ ನೀರು ಸುರಿದು, ಅದು ಉಬ್ಬಿ ಉದುರುವಷ್ಟರಲ್ಲಿ ತಿಂಡಿ ಮುಗಿಸುತ್ತೇನೆ. ಆಮೇಲೆ ಹಳೇ ಪಂಚೆಯಲ್ಲಿ ಕಟ್ಟಿ, ಹಿಂಡಿ, ಮತ್ತೆ ಹೊಸ ನೀರಲ್ಲಿ ಅದ್ದಿ, ಹೀಗೆ ಮೂರು ಸಲ. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಮೊದಲ ನೀರು ನೋಡಿ, "ಇದೇನೋ, ಡಿಕಾಕ್ಷನ್ ಇಳಿಸ್ತಿದೀಯಾ?" ಅಂದರು. ಮೂರನೇ ಸಲಕ್ಕೆ ತೆಳು ಚಹಾದ ಬಣ್ಣ ಬರುತ್ತದೆ. ಬಣ್ಣ ಪೂರ್ತಿ ಹೋಗಲಿ ಅಂತ ಕಾಯಬೇಡಿ, ಬಣ್ಣ ಬೇರೆ, ಉಪ್ಪು ಬೇರೆ. ಆ ನೀರನ್ನು ಬೇರೆ ಗಿಡಕ್ಕೆ ಸುರಿಯಬೇಡಿ, ನಾನು ಸುರಿದು ಒಂದು ಪುದೀನ ಕಳೆದುಕೊಂಡೆ.

ಅಳತೆಗೆ ಸ್ನಾನದ ಮಗ್ಗೇ ಸಾಕು. ಸೊಪ್ಪಿಗೆ, ಪುದೀನಕ್ಕೆ ನಾಲ್ಕು ಮಗ್ ಕೋಕೋಪೀಟ್, ಮೂರು ಗೊಬ್ಬರ, ಒಂದು ಮರಳು. ಲೋಳೆಸರಕ್ಕೆ ಇದನ್ನೇ ಹಾಕಿ ಬುಡ ಕೊಳೆಸಿದ್ದೆ. ಅದಕ್ಕೀಗ ಒಂದು ಕೋಕೋಪೀಟ್, ಒಂದು ಗೊಬ್ಬರ, ಎರಡು ಮರಳು. ಕರಿಬೇವು ಎತ್ತರವಾಗುತ್ತದೆ, ಹಗುರ ಮಣ್ಣಾದರೆ ಗಾಳಿಗೆ ಕುಂಡವೇ ಬೀಳುತ್ತದೆ, ಹಾಗಾಗಿ ಅದಕ್ಕೆ ಎರಡು ಮಗ್ ಕೆಮ್ಮಣ್ಣೂ ಸೇರಿಸುತ್ತೇನೆ. ಕಟ್ಟಡ ಕೆಲಸದ ಎಂ-ಸ್ಯಾಂಡ್ ತಂದರೆ ಜರಡಿ ಹಿಡಿದು ತೊಳೆಯಿರಿ. ಅದರ ದೂಳು ಕೆಳಗಿಳಿದು ಕುಂಡದ ತೂತು ಕಟ್ಟುತ್ತದೆ.

ಒಂದು ತಕರಾರು ಇನ್ನೂ ಉಳಿದಿದೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಎರಡು ಗೆಣ್ಣಷ್ಟು ಬೆರಳು ತೂರಿಸಿ ನೋಡದೆ ನೀರು ಹಾಕುವುದಿಲ್ಲ. ತೊಳೆದೇ ಕೊಡುವ ಇಟ್ಟಿಗೆಯೂ ಸಿಗುತ್ತದೆ, ಬೆಲೆ ಜಾಸ್ತಿ. ಪಂಚೆ ಇರುವವರೆಗೆ ನನಗೆ ಅದು ಬೇಡ.